ಕೊಲೆ ಆಗಿದ್ದು ಸರಾಯೆವೊದಲ್ಲಿ, ದಾಳಿ ಆಗಿದ್ದು ಬೆಲ್ಜಿಯಂ ಮೇಲೆ, ಯಾಕೆ?

ಪ್ರಶ್ನೆ: "ಸರ್, ಮಗಳು ಹತ್ತನೇ ಕ್ಲಾಸು. ಮೊದಲನೇ ಮಹಾಯುದ್ಧಕ್ಕೆ ಕಾರಣ ಮೈತ್ರಿಕೂಟಗಳು, ಶಸ್ತ್ರಾಸ್ತ್ರ ಪೈಪೋಟಿ, ತಕ್ಷಣದ ಕಾರಣ ಆಸ್ಟ್ರಿಯಾದ ರಾಜಕುಮಾರನ ಕೊಲೆ ಅಂತ ಬಾಯಿಪಾಠ ಮಾಡ್ತಿದ್ದೋಳು ಮೊನ್ನೆ ಕೇಳಿದ್ಲು, 'ಅಮ್ಮ, ಕೊಂದೋನು ಸರ್ಬ್ ಹುಡುಗ, ಸತ್ತೋನು ಆಸ್ಟ್ರಿಯಾದೋನು, ಮಧ್ಯೆ ಜರ್ಮನಿ ಹೋಗಿ ಬೆಲ್ಜಿಯಂ ಮೇಲೆ ಯಾಕೆ ಬಿತ್ತು?' ಒಪ್ಪಂದ ಇತ್ತಲ್ವಾ, ಎಲ್ರೂ ಬರಲೇಬೇಕಿತ್ತು ಅಂದೆ. ಅದು ಸರೀನಾ? ಯುದ್ಧ ತಪ್ಪಿಸೋಕೆ ಆಗ್ತಿತ್ತಾ? ಬೆಂಗಳೂರು ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ನೋಡಿದ್ವಿ, ನಮ್ಮೋರು ಇದ್ರೊಳಗೆ ಹೇಗೆ ಸೇರ್ಕೊಂಡ್ರು?"

ಉತ್ತರ:

ಮೇಡಂ, ನಿಮ್ಮ ಮಗಳು ಕೇಳಿರೋ ಪ್ರಶ್ನೆನ ನಾನು ಡಿಗ್ರಿ ಕ್ಲಾಸಲ್ಲಿ ಯುರೋಪ್ ಇತಿಹಾಸ ಪಾಠ ಮಾಡುವಾಗ ನಾನೇ ಬೋರ್ಡ್ ಮೇಲೆ ಬರೀತೀನಿ, ಯಾಕಂದ್ರೆ ಇದಕ್ಕೆ ಉತ್ತರ ಸಿಕ್ಕಿದ್ರೆ ಉಳಿದಿದ್ದೆಲ್ಲ ತಾನಾಗೇ ಬಿಡಿಸ್ಕೊಳ್ಳುತ್ತೆ.

ಮೊದಲು ಆ "ಬರಲೇಬೇಕಿತ್ತು" ಅನ್ನೋದನ್ನ ನೋಡೋಣ. ಒಪ್ಪಂದಗಳು ಇದ್ದಿದ್ದು ನಿಜ. ಜರ್ಮನಿ-ಆಸ್ಟ್ರಿಯಾ ಒಪ್ಪಂದ 1879ರದ್ದು, 1882ರಲ್ಲಿ ಇಟಲಿ ಸೇರ್ಕೊಳ್ತು, ಆ ಕಡೆ ಫ್ರಾನ್ಸ್-ರಷ್ಯಾ ಒಪ್ಪಂದ 1894ಕ್ಕೆ ಪಕ್ಕಾ ಆಯ್ತು. ಆದ್ರೆ ಇವುಗಳಲ್ಲಿ ಬರೆದಿದ್ದೇನು ಅಂತ ನೋಡಿದ್ರೆ ಮುಖ್ಯವಾಗಿ ಬೇರೆಯವರು ನಿನ್ನ ಮೇಲೆ ಬಿದ್ರೆ ನಾನು ಬರ್ತೀನಿ ಅಂತ, ನೀನು ಇನ್ನೊಬ್ಬರ ಮೇಲೆ ಬಿದ್ರೂ ಬರ್ತೀನಿ ಅಂತ ಅಲ್ಲ. ಅದಕ್ಕೇ ಇಟಲಿ 1914ರ ಆಗಸ್ಟಲ್ಲಿ "ಆಸ್ಟ್ರಿಯಾ ತಾನೇ ಹೋಗಿ ಯುದ್ಧ ಶುರು ಮಾಡಿದೆ, ನಮಗೆ ಸಂಬಂಧ ಇಲ್ಲ" ಅಂತ ದೂರ ಉಳೀತು, ಮುಂದಿನ ವರ್ಷ ಎದುರು ಪಾರ್ಟಿಗೇ ಸೇರ್ಕೊಳ್ತು. ರುಮೇನಿಯಾನೂ ಜರ್ಮನಿ, ಆಸ್ಟ್ರಿಯಾ ಕಡೆಗೆ ಗುಟ್ಟಾಗಿ ಸಹಿ ಹಾಕಿದ್ದ ದೇಶ, ಅದೂ ಬರ್ಲಿಲ್ಲ. ಬ್ರಿಟನ್‌ಗಂತೂ ಫ್ರಾನ್ಸ್ ಜೊತೆ ಯುದ್ಧಕ್ಕೆ ಬರ್ತೀನಿ ಅನ್ನೋ ಒಪ್ಪಂದವೇ ಇರ್ಲಿಲ್ಲ, ಇದ್ದಿದ್ದು 1904ರ ಹೊಂದಾಣಿಕೆ ಅಷ್ಟೆ. ಸಹಿ ಹಾಕಿದೋರು ಬರದೇ ಇದ್ದಾರೆ, ಹಾಕದೇ ಇದ್ದೋರು ಬಂದಿದ್ದಾರೆ. ಅಂದ್ರೆ ಒಪ್ಪಂದದ ಕಾಗದ ಯಾರನ್ನೂ ಎಳ್ಕೊಂಡು ಹೋಗ್ಲಿಲ್ಲ, ಪ್ರತಿಯೊಂದು ರಾಜಧಾನಿಯಲ್ಲೂ ಕೆಲವು ಜನ ಕೂತು ಹೋಗೋಣ ಅಂತ ತೀರ್ಮಾನ ಮಾಡಿದ್ರು.

ಹಾಗಂತ ಒಪ್ಪಂದ ಏನೂ ಮಾಡ್ಲಿಲ್ಲ ಅಂತಲೂ ಅಲ್ಲ. ಅದು ಎರಡು ಕೆಲಸ ಮಾಡ್ತು. ಹಿಂದೆ ದೊಡ್ಡೋರು ಇದ್ದಾರೆ ಅನ್ನೋ ಧೈರ್ಯ ಕೊಡ್ತು, ಆಮೇಲೆ ಯುದ್ಧದ ಪ್ಲಾನ್ ಮಾಡೋ ಸೇನಾಧಿಕಾರಿಗಳಿಗೆ ಶತ್ರು ಯಾರ್ಯಾರು ಅಂತ ಮೊದಲೇ ಲೆಕ್ಕ ಹಾಕಿ ಕೊಟ್ಬಿಡ್ತು. ಈ ಎರಡನೇದ್ರಲ್ಲೇ ಬೆಲ್ಜಿಯಂ ಇರೋದು.

ಜರ್ಮನಿಯ ನಕ್ಷೆ ತೆಗೆದು ಮಗಳ ಮುಂದೆ ಇಡಿ. ಪಶ್ಚಿಮಕ್ಕೆ ಫ್ರಾನ್ಸ್, ಪೂರ್ವಕ್ಕೆ ರಷ್ಯಾ, ಇಬ್ಬರೂ ಒಂದಾಗಿದ್ದಾರೆ. ರಷ್ಯಾ ದೊಡ್ಡ ದೇಶ, ರೈಲು ಕಮ್ಮಿ, ಊರೂರಿಂದ ಸೈನಿಕರನ್ನ ಕರೆಸಿ ಗಡಿಗೆ ತಂದು ನಿಲ್ಲಿಸೋಕೆ ಆರು ವಾರದಷ್ಟು ಹಿಡಿಯುತ್ತೆ ಅನ್ನೋದು ಜರ್ಮನ್ ಸೇನಾ ಕೇಂದ್ರದ ಲೆಕ್ಕ. ಜರ್ಮನಿಗೆ ಎರಡು ವಾರ ಸಾಕು. ಹಾಗಾಗಿ ಮುಖ್ಯಸ್ಥ ಶ್ಲೀಫೆನ್ ಹಾಕಿದ, ಅವನಾದ ಮೇಲೆ ಬಂದ ಮೋಲ್ಟ್ಕೆ ತಿದ್ದಿದ ಪ್ಲಾನ್ ಏನಪ್ಪಾ ಅಂದ್ರೆ, ರಷ್ಯಾ ಎದ್ದು ನಿಲ್ಲೋದ್ರೊಳಗೆ ಹೆಚ್ಚುಕಮ್ಮಿ ಪೂರ್ತಿ ಸೈನ್ಯ ತಗೊಂಡು ಹೋಗಿ ಸುಮಾರು 40 ದಿನದಲ್ಲಿ ಫ್ರಾನ್ಸ್‌ನ ಮುಗಿಸ್ಬಿಡೋದು, ಆಮೇಲೆ ಅದೇ ಸೈನ್ಯನ ಟ್ರೈನ್ ಹತ್ತಿಸಿ ರಷ್ಯಾ ಕಡೆ ತಿರುಗಿಸೋದು. ಎಂಟು ಸೈನ್ಯಗಳಲ್ಲಿ ಏಳು ಪಶ್ಚಿಮಕ್ಕೆ, ಒಂದೇ ಒಂದು ಪೂರ್ವಕ್ಕೆ. ಫ್ರಾನ್ಸ್‌ನ ಗಡಿಯಲ್ಲಿ ವರ್ಡನ್‌ನಿಂದ ಬೆಲ್ಫೋರ್‌ವರೆಗೆ ಕೋಟೆಗಳ ಸಾಲು, ಅಲ್ಲಿ ತಲೆ ಚಚ್ಕೊಂಡ್ರೆ 40 ದಿನದಲ್ಲಿ ಏನೂ ಆಗಲ್ಲ. ಅದಕ್ಕೆ ಪಕ್ಕದಿಂದ, ಬೆಲ್ಜಿಯಂ ಬಯಲಿನ ಮೂಲಕ ಸುತ್ತು ಹಾಕಿ ನುಗ್ಗಬೇಕು. ಬೆಲ್ಜಿಯಂ ಮೇಲೆ ಜರ್ಮನಿಗೆ ಯಾವ ಜಗಳನೂ ಇರ್ಲಿಲ್ಲ, ಅದು ದಾರೀಲಿ ಸಿಕ್ಕಿದ ದೇಶ ಅಷ್ಟೆ. ಯುದ್ಧ ಶುರುವಾಗಿದ್ದು ಸರ್ಬಿಯಾ ವಿಷಯಕ್ಕಾಗ್ಲಿ, ರಷ್ಯಾ ವಿಷಯಕ್ಕಾಗ್ಲಿ, ಜರ್ಮನಿ ಹತ್ರ ಇದ್ದ ಪ್ಲಾನ್ ಇದೊಂದೇ. ರಷ್ಯಾ ಮೇಲೆ ಮಾತ್ರ ಹೋಗೋಕೆ ಇನ್ನೊಂದು ಪ್ಲಾನ್ ಇತ್ತು, ಅದನ್ನ ವರ್ಷ ವರ್ಷ ಹೊಸದು ಮಾಡೋದನ್ನ 1913ರಲ್ಲಿ ನಿಲ್ಲಿಸ್ಬಿಟ್ಟಿದ್ರು.

ಇನ್ನೂ ಒಂದು ವಿಷಯ ಇದೆ, ಇದನ್ನ ಪಠ್ಯಪುಸ್ತಕಗಳು ಹೇಳೋದೇ ಇಲ್ಲ, ನನಗೆ ಇದೇ ತುಂಬಾ ಮುಖ್ಯ ಅನ್ಸುತ್ತೆ. ಬೆಲ್ಜಿಯಂಗೆ ನುಗ್ಗೋ ದಾರಿಯಲ್ಲಿ ಲಿಯೇಜ್ ಅಂತ ಊರು, ಸುತ್ತ 12 ಕೋಟೆಗಳು, ಅಲ್ಲೇ ರೈಲ್ವೆ ಜಂಕ್ಷನ್ನು. ಆ ಜಂಕ್ಷನ್ ಕೈಗೆ ಸಿಗದೇ ಇದ್ರೆ ಲಕ್ಷಾಂತರ ಸೈನಿಕರನ್ನ ಆ ಇಕ್ಕಟ್ಟಿನಲ್ಲಿ ದಾಟಿಸೋಕೆ ಆಗಲ್ಲ. ಶ್ಲೀಫೆನ್ ಹಾಲೆಂಡ್ ಮೂಲಕನೂ ಹೋಗೋಣ ಅಂದಿದ್ದ, ಮೋಲ್ಟ್ಕೆ ಅದನ್ನ ಕೈಬಿಟ್ಟ, ಹಾಗಾಗಿ ಲಿಯೇಜ್ ಒಂದೇ ಬಾಗಿಲು ಉಳೀತು. ಬೆಲ್ಜಿಯಂನೋರು ಎಚ್ಚೆತ್ತು ಕೋಟೆ ಬಿಗಿ ಮಾಡೋಕೆ ಮುಂಚೆ, ಜಮಾವಣೆ ಶುರುವಾದ ಮೊದಲ ಕೆಲವು ದಿನದಲ್ಲೇ ಅದನ್ನ ಹಿಡೀಬೇಕು. ಇದರ ಅರ್ಥ ಏನು ನೋಡಿ. ರಷ್ಯಾ, ಫ್ರಾನ್ಸ್, ಆಸ್ಟ್ರಿಯಾ ತಮ್ಮ ಸೈನ್ಯನ ಜಮಾಯಿಸಿ ಗಡಿಯಲ್ಲಿ ನಿಲ್ಲಿಸ್ಕೊಂಡು ವಾರಗಟ್ಟಲೆ ಮಾತುಕತೆ ಮಾಡ್ತಾ ಕೂರ್ಬಹುದಿತ್ತು. ಜರ್ಮನಿಗೆ ಮಾತ್ರ ಅದು ಆಗ್ತಿರ್ಲಿಲ್ಲ, ಅಲ್ಲಿ ಜಮಾವಣೆ ಅಂದ್ರೆನೇ ಪಕ್ಕದ ದೇಶದ ಗಡಿ ದಾಟೋದು. ಹಾಗಾಗಿ ರಷ್ಯಾ ಸೈನ್ಯ ಕರೆಸ್ತು ಅಂದ ತಕ್ಷಣ ಬರ್ಲಿನ್‌ನಲ್ಲಿ ಗಡಿಯಾರ ಶುರು, ರಷ್ಯಾ ಮುಂದೆ ಹೋದ ಒಂದೊಂದು ದಿನವೂ ಆ 40 ದಿನದ ಲೆಕ್ಕದಿಂದ ಕಳೆದುಹೋಗುತ್ತೆ.

ಈಗ ಶಸ್ತ್ರಾಸ್ತ್ರ ಪೈಪೋಟಿ. ಸಾಮಾನ್ಯವಾಗಿ ಎಲ್ರೂ ಬರೆಯೋದು ಬ್ರಿಟನ್ ಮತ್ತು ಜರ್ಮನಿಯ ಯುದ್ಧನೌಕೆಗಳ ಪೈಪೋಟಿ, 1906ರ ಡ್ರೆಡ್‌ನಾಟ್ ಹಡಗು ಇತ್ಯಾದಿ. ಅದು ಇಬ್ಬರ ಸಂಬಂಧ ಕೆಡಿಸಿದ್ದು ಹೌದು, ಬ್ರಿಟನ್‌ನ ಫ್ರಾನ್ಸ್ ಹತ್ತಿರಕ್ಕೆ ತಳ್ಳಿದ್ದೂ ಹೌದು, ಆದ್ರೆ 1912-13ರ ಹೊತ್ತಿಗೆ ಜರ್ಮನಿ ಆ ಓಟದಲ್ಲಿ ಹಿಂದೆ ಬಿದ್ದಾಗಿತ್ತು. 1914ರ ಜೂನ್ 28ರಂದು ಸರಾಯೆವೊ ಸುದ್ದಿ ಬಂದಾಗ ಬ್ರಿಟಿಷ್ ಯುದ್ಧನೌಕೆಗಳು ಜರ್ಮನಿಯ ಕೀಲ್ ಬಂದರಿನಲ್ಲಿ ಅತಿಥಿಗಳಾಗಿ ಬಂದಿದ್ವು, ಜರ್ಮನ್ ಚಕ್ರವರ್ತಿ ಕೈಸರ್ ವಿಲ್ಹೆಲ್ಮ್ ಅಲ್ಲೇ ಹಾಯಿದೋಣಿ ರೇಸ್‌ನಲ್ಲಿದ್ದ. ಯುದ್ಧಕ್ಕೆ ನೇರವಾಗಿ ತಳ್ಳಿದ ಪೈಪೋಟಿ ನೆಲದ ಮೇಲಿಂದು. 1913ರಲ್ಲಿ ಜರ್ಮನಿ ಸೈನ್ಯ ದೊಡ್ಡದು ಮಾಡೋ ಕಾನೂನು ತಂತು, ಅದೇ ವರ್ಷ ಫ್ರಾನ್ಸ್ ಕಡ್ಡಾಯ ಸೇನಾ ಸೇವೆಯನ್ನ ಮೂರು ವರ್ಷಕ್ಕೆ ಏರಿಸ್ತು, 1914ರಲ್ಲಿ ರಷ್ಯಾ ತನ್ನ ದೊಡ್ಡ ಯೋಜನೆಗೆ ಒಪ್ಪಿಗೆ ಕೊಡ್ತು. ಅದು 1917ಕ್ಕೆ ಮುಗೀಬೇಕಿತ್ತು, ಜೊತೆಗೆ ಫ್ರಾನ್ಸ್‌ನ ಸಾಲದಲ್ಲಿ ಪಶ್ಚಿಮ ಗಡಿ ಕಡೆಗೆ ರೈಲು ಹಳಿಗಳು. ಈ ಹಳಿಗಳು ಬಿದ್ರೆ ರಷ್ಯಾದ ಆರು ವಾರ ಮೂರೋ ನಾಲ್ಕೋ ವಾರಕ್ಕೆ ಇಳಿಯುತ್ತೆ, ಆಗ ಮೋಲ್ಟ್ಕೆ ಕೈಲಿರೋ ಒಂದೇ ಪ್ಲಾನ್ ರದ್ದಿ ಕಾಗದ. ಅದಕ್ಕೇ ಅವನು 1912ರ ಡಿಸೆಂಬರ್‌ನಲ್ಲೇ ಕೈಸರ್ ಮುಂದೆ, ಯುದ್ಧ ಆಗೋದೇ ಆದ್ರೆ ಬೇಗ ಆದಷ್ಟೂ ಒಳ್ಳೇದು ಅಂದಿದ್ದ. ಆಗ ಯುದ್ಧ ಆಗ್ಲಿಲ್ಲ. ಆದ್ರೆ ಈ ಭಯ ಒಂದೂವರೆ ವರ್ಷ ಬರ್ಲಿನ್‌ನಲ್ಲಿ ಕೂತಿತ್ತು. ಬಲಶಾಲಿಯಾಗಿದ್ದೀನಿ ಅಂತ ಅಲ್ಲ, ಇನ್ನು ಸ್ವಲ್ಪ ದಿನಕ್ಕೆ ಬಲ ಹೋಗುತ್ತೆ ಅಂತ ಹೊರಟ ಯುದ್ಧ ಇದು.

ಈ ಹಿನ್ನೆಲೆ ಇಟ್ಕೊಂಡು 1914ರ ಜುಲೈ ನೋಡಿದ್ರೆ ಯಾರ್ಯಾರು ಎಲ್ಲಿ ತಪ್ಪು ಲೆಕ್ಕ ಹಾಕಿದ್ರು ಅಂತ ಕಾಣುತ್ತೆ.

ಮೊದಲ ತಪ್ಪು ಲೆಕ್ಕ ಆಸ್ಟ್ರಿಯಾ ರಾಜಧಾನಿ ವಿಯೆನ್ನಾದ್ದು. ಸತ್ತ ರಾಜಕುಮಾರ ಫ್ರಾನ್ಜ್ ಫರ್ಡಿನಾಂಡ್ ಸರ್ಬಿಯಾ ಮೇಲೆ ಯುದ್ಧ ಬೇಡ ಅಂತಿದ್ದ ಮನುಷ್ಯ, ಯುದ್ಧ ಬೇಕು ಅಂತ ವರ್ಷಗಟ್ಟಲೆ ಒತ್ತಾಯ ಮಾಡ್ತಿದ್ದ ಸೇನಾ ಮುಖ್ಯಸ್ಥ ಕಾನ್ರಾಡ್‌ಗೆ ಅಡ್ಡ ನಿಂತಿದ್ದೋನೇ ಅವನು, ಹಾಗಾಗಿ ಅವನ ಸಾವು ಒಂದು ನೆಪ ಕೊಟ್ಟಿದ್ದಷ್ಟೇ ಅಲ್ಲ, ಒಂದು ತಡೆನೂ ತೆಗೆದುಹಾಕ್ತು. ಕೊಲೆ ಆದ ವಾರದಲ್ಲೇ ಆಸ್ಟ್ರಿಯಾ ಸರ್ಬಿಯಾ ಮೇಲೆ ಹೋಗಿದ್ರೆ ಯುರೋಪ್ ಬಹುಶಃ ಸಹಿಸ್ಕೊಳ್ತಿತ್ತು, ಆಗ ಎಲ್ಲರ ಸಹಾನುಭೂತಿ ಆ ಕಡೆಗಿತ್ತು. ಆದ್ರೆ ಹೋಗೋಕೆ ಆಗ್ಲಿಲ್ಲ. ಆಸ್ಟ್ರಿಯಾ ಜೊತೆ ಒಂದೇ ಸಾಮ್ರಾಜ್ಯದಲ್ಲಿದ್ದ ಹಂಗೇರಿಯ ಪ್ರಧಾನಿ ಟಿಸಾ ಎರಡು ವಾರ ಒಪ್ಲಿಲ್ಲ, ಸೈನಿಕರಲ್ಲಿ ಎಷ್ಟೋ ಜನನ ಸುಗ್ಗಿ ರಜೆ ಅಂತ ಊರಿಗೆ ಕಳಿಸಿದ್ರು, ಕರೆಸಿದ್ರೆ ಗುಟ್ಟು ರಟ್ಟಾಗುತ್ತೆ. ಅಷ್ಟರಲ್ಲಿ ಫ್ರಾನ್ಸ್ ಅಧ್ಯಕ್ಷ ಪ್ವಾಂಕಾರೆ ರಷ್ಯಾ ಪ್ರವಾಸಕ್ಕೆ ಬಂದ, ಇಬ್ಬರೂ ಒಂದೇ ಊರಲ್ಲಿ ಕೂತಿರೋವಾಗ ನೋಟಿಸ್ ಕೊಟ್ರೆ ಅಲ್ಲೇ ಒಟ್ಟಿಗೆ ತೀರ್ಮಾನ ಮಾಡ್ತಾರೆ ಅಂತ, ಅವನು ಹಡಗು ಹತ್ತೋವರೆಗೂ ಕಾದು ಜುಲೈ 23ರ ಸಂಜೆ 6ಕ್ಕೆ ಸರ್ಬಿಯಾ ರಾಜಧಾನಿ ಬೆಲ್‌ಗ್ರೇಡ್‌ಗೆ ಅಲ್ಟಿಮೇಟಮ್ ಕೊಟ್ರು. ಹತ್ತು ಬೇಡಿಕೆ, 48 ಗಂಟೆ ಗಡುವು. ಅಷ್ಟು ಹೊತ್ತಿಗೆ ಕೊಲೆ ಆಗಿ ನಾಲ್ಕು ವಾರ ಹತ್ರ ಆಗಿತ್ತು, ಸಹಾನುಭೂತಿ ಆರಿಹೋಗಿತ್ತು, ಇದು ಕೋಪ ಅಲ್ಲ ಪ್ಲಾನು ಅಂತ ಎಲ್ರಿಗೂ ಅನ್ಸಿತು.

ಅವರಿಗೆ ಧೈರ್ಯ ಬಂದಿದ್ದು ಎಲ್ಲಿಂದ? ಜುಲೈ 5ರಂದು ಕೈಸರ್, ಮಾರನೇ ದಿನ ಚಾನ್ಸಲರ್ ಬೆತ್ಮಾನ್, ಇಬ್ಬರೂ ನೀವೇನು ಮಾಡಿದ್ರೂ ನಿಮ್ಮ ಹಿಂದೆ ಇದ್ದೀವಿ ಅಂತ ಮಾತು ಕೊಟ್ಟಿದ್ರು, ಅದಕ್ಕೇ ಇದನ್ನ ಬ್ಲಾಂಕ್ ಚೆಕ್ ಅಂತಾರೆ. ಬರ್ಲಿನ್ ಲೆಕ್ಕ ಹೀಗಿತ್ತು: 1909ರಲ್ಲಿ, ಆಸ್ಟ್ರಿಯಾ ಬೋಸ್ನಿಯಾನ ತನ್ನದು ಮಾಡ್ಕೊಂಡ ವಿಷಯಕ್ಕೆ ರಷ್ಯಾನ ಗದರಿಸಿದ್ವಿ, ಸುಮ್ನಾಯ್ತು. ಸರ್ಬಿಯಾ ಬೆನ್ನಿಗಿರೋ ರಷ್ಯಾ ಈ ಸಲನೂ ಸುಮ್ನಾದ್ರೆ ಆಸ್ಟ್ರಿಯಾ ಉಳಿಯುತ್ತೆ, ರಷ್ಯಾ-ಫ್ರಾನ್ಸ್ ಗೆಳೆತನ ಒಡೆಯುತ್ತೆ. ಸುಮ್ನಾಗದೇ ಇದ್ರೆ 1917ರಲ್ಲಿ ಆಗೋ ಯುದ್ಧ ಈಗಲೇ ಆಗ್ಲಿ. ಎರಡೂ ಕಡೆ ತಮಗೆ ಲಾಭ ಅಂತ ಅಂದ್ಕೊಂಡ್ರು. ಆದ್ರೆ 1909ರಲ್ಲಿ ತಲೆ ತಗ್ಗಿಸಿದ ಅವಮಾನವೇ ಈ ಸಲ ರಷ್ಯಾ ತಗ್ಗದೇ ಇರೋಕೆ ಕಾರಣ ಆಯ್ತು. ಹಿಂದಿನ ಸಲ ಬೆದರಿಸಿ ಗೆದ್ದಿದ್ದನ್ನ ನೋಡಿ ಈ ಸಲನೂ ಅದೇ ಆಗುತ್ತೆ ಅಂದ್ಕೊಳ್ಳೋದು ಆ ಹತ್ತು ವರ್ಷದ ಯುರೋಪ್‌ನಲ್ಲಿ ಎಲ್ಲರಿಗೂ ಅಂಟಿದ್ದ ರೋಗ.

ತಪ್ಪಿಸೋಕೆ ಆಗ್ತಿತ್ತಾ ಅಂತ ಕೇಳಿದ್ರಿ. ಜುಲೈ 25ಕ್ಕೆ ಸರ್ಬಿಯಾ ಉತ್ತರ ಕೊಡ್ತು, ಬಹುತೇಕ ಬೇಡಿಕೆಗಳಿಗೆ ಹೂಂ ಅಂತು, ಕೆಲವಕ್ಕೆ ಷರತ್ತು ಹಾಕ್ತು, ಆಸ್ಟ್ರಿಯಾದ ಅಧಿಕಾರಿಗಳೇ ಬಂದು ನಮ್ಮ ನೆಲದಲ್ಲಿ ತನಿಖೆ ಮಾಡೋದು ಮಾತ್ರ ಆಗಲ್ಲ ಅಂತು. ಆಸ್ಟ್ರಿಯಾ ರಾಯಭಾರಿ ಅದನ್ನ ಓದಿದ ಹಾಗೆ ಮಾಡಿ, ಸಾಲದು ಅಂತ ಹೇಳಿ, ಆರೂವರೆ ಟ್ರೈನ್ ಹತ್ತಿ ಹೊರಟೇಬಿಟ್ಟ. ಅತ್ತ ನಾರ್ವೆ ಸಮುದ್ರಯಾನ ಮುಗಿಸಿ ಹಿಂದಿನ ದಿನ ಬಂದಿದ್ದ ಕೈಸರ್ ಜುಲೈ 28ರ ಬೆಳಿಗ್ಗೆ ಆ ಉತ್ತರ ಓದಿದ, ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ ಅಂದ, ಆಸ್ಟ್ರಿಯಾ ಬೆಲ್‌ಗ್ರೇಡ್ ಒಂದನ್ನ ಹಿಡ್ಕೊಂಡು ಅಲ್ಲೇ ನಿಂತು ಮಾತಾಡ್ಲಿ ಅಂತ ಬರೆದ. ಬೆಲ್‌ಗ್ರೇಡ್ ಗಡಿಗೇ ಅಂಟಿಕೊಂಡಿರೋ ಊರು, ನದಿ ದಾಟಿದ್ರೆ ಸಿಗುತ್ತೆ, ಹಾಗಾಗಿ ಇದು ನಡೆಯೋ ದಾರಿನೇ. ಲಂಡನ್‌ನಲ್ಲಿ ವಿದೇಶಾಂಗ ಮಂತ್ರಿ ಗ್ರೇನೂ ಮರುದಿನ ಇಂಥದ್ದೇ ಒಂದು ಸಲಹೆ ಕೊಟ್ಟ. ಅಪಾಯ ಏನಿತ್ತು ಅಂದ್ರೆ ಸರ್ಬಿಯಾದ ರಾಜಧಾನಿ ಹೋದ್ರೂ ಸುಮ್ನಿರೋಕೆ ರಷ್ಯಾ ಒಪ್ಪಬೇಕು, ಬೆಲ್‌ಗ್ರೇಡಲ್ಲಿ ನಿಲ್ಲೋಕೆ ಆಸ್ಟ್ರಿಯಾ ಒಪ್ಪಬೇಕು, ಎರಡೂ ಗ್ಯಾರಂಟಿ ಇರ್ಲಿಲ್ಲ. ಆದ್ರೆ ಪರೀಕ್ಷೆ ಮಾಡೋಕೂ ಅವಕಾಶ ಸಿಗ್ಲಿಲ್ಲ. ಬೆತ್ಮಾನ್ ಆ ಸಂದೇಶನ ರಾತ್ರಿವರೆಗೂ ತಡ ಮಾಡಿ, ಮೆತ್ತಗೆ ಮಾಡಿ ವಿಯೆನ್ನಾಗೆ ಕಳಿಸಿದ, ಅಷ್ಟರಲ್ಲಿ ಅದೇ ದಿನ ಬೆಳಿಗ್ಗೆ ಆಸ್ಟ್ರಿಯಾ ಸರ್ಬಿಯಾಗೆ ಟೆಲಿಗ್ರಾಮ್‌ನಲ್ಲಿ ಯುದ್ಧ ಘೋಷಣೆ ಕಳಿಸಿಯಾಗಿತ್ತು. ನನಗೆ ಓದಿದಾಗೆಲ್ಲ ಸಂಕಟ ಆಗೋ ಜಾಗ ಇದು, ಯಾಕಂದ್ರೆ ಆಸ್ಟ್ರಿಯಾ ಸೈನ್ಯ ಆಗಸ್ಟ್ 12ರವರೆಗೂ ದಾಳಿಗೆ ರೆಡಿ ಇಲ್ಲ ಅಂತ ಕಾನ್ರಾಡ್ ಮೊದಲೇ ಹೇಳಿದ್ದ. ಎರಡು ವಾರ ಮುಂಚೆ ಘೋಷಣೆ ಮಾಡಿದ್ದು ಯಾರೂ ಮಧ್ಯಸ್ಥಿಕೆಗೆ ಬರಬಾರದು ಅಂತ.

ಮುಂದಿನ ಎರಡು ದಿನ ರಷ್ಯಾದ್ದು. ತ್ಸಾರ್ ನಿಕೋಲಸ್ 29ರಂದು ಪೂರ್ತಿ ಜಮಾವಣೆಗೆ ಒಪ್ಪಿದ, ಆದೇಶ ಹೊರಡೋ ಹೊತ್ತಿಗೆ ಕೈಸರ್‌ನಿಂದ ಟೆಲಿಗ್ರಾಮ್ ಬಂತು ಅಂತ ರದ್ದು ಮಾಡಿ, ಆಸ್ಟ್ರಿಯಾ ಗಡಿ ಕಡೆ ಮಾತ್ರ ಜಮಾಯಿಸಿ ಅಂದ. ಕೇಳೋಕೆ ಒಳ್ಳೇ ಮಧ್ಯದ ದಾರಿ. ಆದ್ರೆ ರಷ್ಯಾದ ಸೇನಾಧಿಕಾರಿಗಳು ಬೆವತುಹೋದ್ರು, ಯಾಕಂದ್ರೆ ಅರ್ಧ ಜಮಾವಣೆಗೆ ಸರಿಯಾದ ಟೈಮ್‌ಟೇಬಲ್ಲೇ ಇರ್ಲಿಲ್ಲ, ಅರ್ಧ ಮಾಡಿ ನಾಳೆ ಪೂರ್ತಿ ಬೇಕು ಅಂದ್ರೆ ಟ್ರೈನ್‌ಗಳೂ ರಿಸರ್ವ್ ಸೈನಿಕರೂ ಕಲಸುಮೇಲೋಗರ ಆಗಿ ಜರ್ಮನಿ ಎದುರು ಬಾಗಿಲು ತೆಗೆದಿಟ್ಟ ಹಾಗೆ. 30ರ ಮಧ್ಯಾಹ್ನ ವಿದೇಶಾಂಗ ಮಂತ್ರಿ ಸಾಜೊನೊವ್ ಹೋಗಿ ಸುಮಾರು ಒಂದು ಗಂಟೆ ಕೂತು ತ್ಸಾರ್‌ನ ಒಪ್ಪಿಸಿದ. ಮತ್ತೆ ರದ್ದು ಅಂತ ಫೋನ್ ಬಂದ್ರೆ ಗತಿ ಏನು ಅಂತ ಸೇನಾ ಮುಖ್ಯಸ್ಥ ಯಾನುಷ್ಕೆವಿಚ್, ಒಪ್ಪಿಗೆ ಸಿಕ್ಕ ಮೇಲೆ ನನ್ನ ಫೋನೇ ಒಡೆದು ಹಾಕ್ತೀನಿ ಅಂತ ಮೊದಲೇ ಹೇಳಿಟ್ಟಿದ್ದ. ಸಾಜೊನೊವ್‌ಗೆ ಜಮಾವಣೆ ಅಂದ್ರೆ ಒತ್ತಡ ಹಾಕೋ ದಾರಿ, ಸೈನ್ಯ ನಿಂತಿರುತ್ತೆ, ಮಾತು ನಡೀತಿರುತ್ತೆ. ಜರ್ಮನಿಯವರು ಎಚ್ಚರಿಕೆ ಕೊಟ್ಟಿದ್ರು, ಆದ್ರೆ ಲಿಯೇಜ್‌ನ ಲೆಕ್ಕ ಅವರು ಯಾರಿಗೂ ಹೇಳಿರ್ಲಿಲ್ಲ, ಹಾಗಾಗಿ ತಾನು ಒತ್ತಿದ್ದು ಯಾವ ಗುಂಡಿ ಅಂತ ರಷ್ಯಾಗೆ ಪೂರ್ತಿ ಗೊತ್ತಿರ್ಲಿಲ್ಲ.

ಆಗಸ್ಟ್ 1ರ ಸಂಜೆ ಬರ್ಲಿನ್ ಅರಮನೆಯಲ್ಲಿ ನಡೆದಿದ್ದನ್ನ ಮಗಳಿಗೆ ಕಥೆ ಥರ ಹೇಳಿ, ಅವಳ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. 5 ಗಂಟೆಗೆ ಕೈಸರ್ ಜಮಾವಣೆ ಆದೇಶಕ್ಕೆ ಸಹಿ ಹಾಕಿದ, ಮೋಲ್ಟ್ಕೆ ಅದನ್ನ ತಗೊಂಡು ಕಾರಲ್ಲಿ ಹೊರಟ. ಅಷ್ಟರಲ್ಲಿ ಲಂಡನ್‌ನ ಜರ್ಮನ್ ರಾಯಭಾರಿ ಲಿಖ್‌ನೋವ್‌ಸ್ಕಿಯಿಂದ ಟೆಲಿಗ್ರಾಮ್: ನಾವು ಫ್ರಾನ್ಸ್ ಮೇಲೆ ಹೋಗದೇ ಇದ್ರೆ ಬ್ರಿಟನ್ನೂ ದೂರ ಇರುತ್ತೆ, ಫ್ರಾನ್ಸ್ ಕೂಡ ಸುಮ್ನಿರೋ ಹಾಗೆ ನೋಡ್ಕೊಳ್ಳಬಹುದು ಅಂತ. ಮೋಲ್ಟ್ಕೆನ ದಾರಿಯಿಂದ ವಾಪಸ್ ಕರೆಸಿದ್ರು. ಕೈಸರ್ ಖುಷಿಯಿಂದ, ಹಾಗಾದ್ರೆ ಪೂರ್ತಿ ಸೈನ್ಯನ ಪೂರ್ವಕ್ಕೇ ನಡೆಸೋಣ ಅಂದ. ಮೋಲ್ಟ್ಕೆ ಆಗಲ್ಲ ಅಂದ. ಲಕ್ಷಾಂತರ ಜನರ ಪಯಣ, ಒಂದು ವರ್ಷದ ದುಡಿಮೆಯಿಂದ ಹೊಂದಿಸಿದ ವ್ಯವಸ್ಥೆ, ಈಗ ಬದಲಾಯಿಸಿದ್ರೆ ಪೂರ್ವಕ್ಕೆ ಹೋಗೋದು ಸೈನ್ಯ ಅಲ್ಲ, ಊಟ ತಿಂಡಿ ಇಲ್ಲದ ಜನಜಂಗುಳಿ ಅಂತ. ನಿನ್ನ ದೊಡ್ಡಪ್ಪ ಆಗಿದ್ರೆ ಬೇರೆ ಉತ್ತರ ಕೊಡ್ತಿದ್ದ ಅಂತ ಕೈಸರ್ ಚುಚ್ಚಿದ. ಅವನ ದೊಡ್ಡಪ್ಪನೇ 1870ರಲ್ಲಿ ಫ್ರಾನ್ಸ್‌ನ ಸೋಲಿಸಿದ ಹಳೇ ಮೋಲ್ಟ್ಕೆ. ಲಕ್ಸೆಂಬರ್ಗ್ ಒಳಗೆ ಹೋಗ್ಬೇಕಿದ್ದ ತುಕಡಿಗೆ ನಿಲ್ಲಿ ಅಂತ ಆದೇಶ ಹೋಯ್ತು, ಮೋಲ್ಟ್ಕೆ ಮನೆಗೆ ಹೋಗಿ ಕಣ್ಣೀರು ಹಾಕಿದ. ರಾತ್ರಿ 11ರ ಹೊತ್ತಿಗೆ ಬ್ರಿಟನ್ ದೊರೆಯಿಂದ ಉತ್ತರ ಬಂತು, ಏನೋ ತಪ್ಪು ತಿಳುವಳಿಕೆ ಆಗಿದೆ, ಅಂಥ ಮಾತು ಕೊಟ್ಟಿಲ್ಲ ಅಂತ. ಕೈಸರ್ ಮತ್ತೆ ಮೋಲ್ಟ್ಕೆನ ಕರೆಸಿ, ಇನ್ನು ನೀನು ಏನು ಬೇಕಾದ್ರೂ ಮಾಡ್ಕೋ ಅಂದ.

ಇಲ್ಲಿ ಎಲ್ಲಾ ತಪ್ಪನ್ನ ಟ್ರೈನ್ ಟೈಮ್‌ಟೇಬಲ್ ಮೇಲೆ ಹಾಕಬಾರದು. ಪಶ್ಚಿಮಕ್ಕೇ ಮೊದಲು ಹೋಗ್ಬೇಕು ಅಂತ ತೀರ್ಮಾನ ಮಾಡಿದ್ದೂ, ಬೇರೆ ಪ್ಲಾನ್ ಬೇಡ ಅಂತ ಬಿಟ್ಟಿದ್ದೂ ಮನುಷ್ಯರು, ಟ್ರೈನ್ ಇಲಾಖೆ ನಡೆಸ್ತಿದ್ದ ಅಧಿಕಾರಿನೇ ಯುದ್ಧ ಮುಗಿದ ಮೇಲೆ ಪೂರ್ವಕ್ಕೆ ತಿರುಗಿಸೋಕೆ ಆಗ್ತಿತ್ತು ಅಂತ ವಾದ ಮಾಡಿದ.

ಬ್ರಿಟನ್ ಪಾತ್ರ ಏನು ಅಂದ್ರೆ, ಕೊನೇವರೆಗೂ ಬರ್ತೀವಿ ಅಂತಲೂ ಹೇಳ್ಲಿಲ್ಲ, ಬರಲ್ಲ ಅಂತಲೂ ಹೇಳ್ಲಿಲ್ಲ. ಗ್ರೇ ಸುಳ್ಳು ಹೇಳ್ತಿರ್ಲಿಲ್ಲ, ಅವನ ಕ್ಯಾಬಿನೆಟ್ಟೇ ಒಡೆದಿತ್ತು. ಜುಲೈ ಮೊದಲ ವಾರದಲ್ಲೇ ಸ್ಪಷ್ಟವಾಗಿ ಹೇಳಿದ್ರೆ ಬರ್ಲಿನ್ ಹೆದರ್ತಿತ್ತು ಅನ್ನೋರು ಇದ್ದಾರೆ, ಹಾಗೆ ಹೇಳಿದ್ರೆ ರಷ್ಯಾ, ಫ್ರಾನ್ಸ್‌ಗೆ ಇನ್ನೂ ಧೈರ್ಯ ಬರ್ತಿತ್ತು ಅನ್ನೋ ಗ್ರೇ ಭಯನೂ ಸುಳ್ಳಲ್ಲ. ಆ ಒಡೆದ ಕ್ಯಾಬಿನೆಟ್‌ನ ಬಹುಮಟ್ಟಿಗೆ ಒಂದು ಮಾಡಿದ್ದು ಬೆಲ್ಜಿಯಂ. ಆಗಸ್ಟ್ 2ರ ಸಂಜೆ ಜರ್ಮನಿ 12 ಗಂಟೆ ಗಡುವು ಕೊಟ್ಟು ದಾರಿ ಬಿಡಿ ಅಂತು, ದೊರೆ ಆಲ್ಬರ್ಟ್ ಬಿಡಲ್ಲ ಅಂದ, 4ರ ಬೆಳಿಗ್ಗೆ ಜರ್ಮನ್ ಸೈನ್ಯ ಗಡಿ ದಾಟ್ತು. ಬೆಲ್ಜಿಯಂ ತಟಸ್ಥವಾಗಿರುತ್ತೆ ಅಂತ 1839ರಲ್ಲಿ ಬ್ರಿಟನ್ನೂ, ಮುಂದೆ ಜರ್ಮನಿ ಆದ ಪ್ರಷ್ಯಾನೂ ಸಹಿ ಹಾಕಿದ್ವು. ಅದೇ ರಾತ್ರಿ ಬ್ರಿಟನ್ ಯುದ್ಧಕ್ಕಿಳೀತು.

ಯಾರನ್ನ ದೂರೋದು ಅಂತ ಮಗಳು ಕೇಳಿಯೇ ಕೇಳ್ತಾಳೆ. ಇದ್ರ ಬಗ್ಗೆ ನೂರು ವರ್ಷದಿಂದ ಜಗಳ ಇದೆ, ಎಲ್ಲರದ್ದೂ ಸಮಪಾಲು ಅನ್ನೋ ಇತಿಹಾಸಕಾರರಿದ್ದಾರೆ. ನಾನು ಒಪ್ಪಲ್ಲ. ಚಿಕ್ಕ ಯುದ್ಧ ಬೇಕೇ ಬೇಕು ಅಂತ ಹೊರಟಿದ್ದು ವಿಯೆನ್ನಾ, ದೊಡ್ಡದಾದ್ರೂ ಪರವಾಗಿಲ್ಲ ಅಂತ ಹಿಂದೆ ನಿಂತಿದ್ದು ಬರ್ಲಿನ್, ಈ ಎರಡರ ಪಾಲು ದೊಡ್ಡದು. ರಷ್ಯಾ ಆತುರ ಪಡ್ತು, ಅದರ ಪಾಲು ಆಮೇಲೆ.

ನಮ್ಮೋರ ವಿಷಯ. ಬ್ರಿಟಿಷ್ ದೊರೆ ಯುದ್ಧ ಅಂದ್ರೆ ಭಾರತನೂ ಯುದ್ಧದಲ್ಲಿದ್ದ ಹಾಗೆ, ಇಲ್ಲಿ ಯಾರನ್ನೂ ಕೇಳ್ಲಿಲ್ಲ. ಮೈಸೂರು ಲ್ಯಾನ್ಸರ್ಸ್ ಸಂಸ್ಥಾನದ ಕುದುರೆ ಪಡೆ, ಅವರನ್ನ ಈಜಿಪ್ಟ್‌ಗೆ, ಸೂಯೆಜ್ ಕಾಲುವೆ ಕಾಯೋಕೆ ಕಳಿಸಿದ್ರು. ಕಾಲುವೆಗೆ ಅಪಾಯ ಇದ್ದಿದ್ದು ಟರ್ಕಿಯಿಂದ, ಟರ್ಕಿ ಜರ್ಮನಿ ಜೊತೆ ಗುಟ್ಟಾಗಿ ಸಹಿ ಹಾಕಿದ್ದು 1914ರ ಆಗಸ್ಟ್ 2ರಂದು, ಅಂದ್ರೆ ಬೆಲ್ಜಿಯಂಗೆ ಗಡುವು ಕೊಟ್ಟ ಅದೇ ದಿನ. ಆ ಸಹಿಯಿಂದಾಗಿ ತೆರೆದುಕೊಂಡ ರಣರಂಗದಲ್ಲೇ 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧ್‌ಪುರ ಲ್ಯಾನ್ಸರ್ಸ್ ಕುದುರೆ ಮೇಲೆ ಹೋಗಿ ಟರ್ಕಿ ಸೈನ್ಯದ ಕೈಯಿಂದ ಹೈಫಾ ಊರನ್ನ ಗೆದ್ದಿದ್ದು.